ತೆರವಾದ ವರ್ಷಗಳನ್ನು ತೆರೆದು ಬರೆಯಬೇಕೆ?

ಚಳ್ಳಕೆರೆಯ ಎಣ್ಣೆ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ಬಿ.ಕಾಂ. ಪದವೀಧರೆಯೊಬ್ಬಳು, ಎಳೆಗೂಸನ್ನೂ ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದ ಅತ್ತೆಯನ್ನೂ ನೋಡಿಕೊಳ್ಳುವ ಸಲುವಾಗಿ 2016ರ ಜೂನಿನಲ್ಲಿ ಕೆಲಸ ಬಿಟ್ಟು, 2022ರ ಏಪ್ರಿಲಿನಲ್ಲಿ ಮರಳಿ ಅದೇ ವೃತ್ತಿಗೆ ಅರ್ಜಿ ಹಾಕಲು ಕುಳಿತಳೆಂದು ಇಟ್ಟುಕೊಳ್ಳೋಣ. ನಡುವಣ ವರ್ಷಗಳನ್ನು ರೆಸ್ಯೂಮೆಯಲ್ಲಿ ಆಕೆ ಕಾಣಿಸಬೇಕೆ?

ಪರ

ಗಿರಣಿಗಳ ಲೆಕ್ಕಪತ್ರದಲ್ಲಿಯೇ ತಲೆ ನರೆತ ಹಿರಿಯರೊಬ್ಬರ ಮಾತು ಇದು. “ಮುಚ್ಚಿಟ್ಟರೆ ಮುಚ್ಚಿ ಉಳಿಯುವುದಿಲ್ಲ ತಾಯಿ. ಹಳೆಯ ಕೆಲಸದ ಕೊನೆಯ ತೇದಿಯನ್ನು ಎರಡು ವರ್ಷ ಮುಂದಕ್ಕೆ ಎಳೆದು ಬರೆದವರ ಪಿ.ಎಫ್. ಪಾಸ್‌ಬುಕ್ಕನ್ನು ತೆರೆದರೆ, ಯಾವ ತಿಂಗಳು ವಂತಿಗೆ ನಿಂತಿತೆಂಬುದು ತಾನಾಗಿಯೇ ಗೋಚರಿಸುತ್ತದೆ. ಆಗ ಹೋಗುವುದು ಕೆಲಸವಷ್ಟೇ ಅಲ್ಲ, ಲೆಕ್ಕ ಬರೆಯುವವರಿಗೆ ಇರಬೇಕಾದ ವಿಶ್ವಾಸಾರ್ಹತೆಯೂ ಹೌದು.”

ಆದರೆ ಅವರ ವಾದದ ತಿರುಳು ಇದಕ್ಕಿಂತ ಆಳದಲ್ಲಿದೆ. ಆ ವರ್ಷಗಳಲ್ಲಿ ತೆರವಾದುದು ಕೇವಲ ಕಾಲವಲ್ಲ. 2017ರ ಜುಲೈ 1ರಂದು ವ್ಯಾಟ್ ಹೋಗಿ ಜಿ.ಎಸ್.ಟಿ. ಬಂದಿತು, 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ಲು ಬಂದಿತು. ಗಡಿ ದಾಟಿ ರಾಯದುರ್ಗಕ್ಕೆ ಹೋಗುವ ಎಣ್ಣೆಯ ಲೋಡು ಐವತ್ತು ಸಾವಿರ ರೂಪಾಯಿಗೆ ಮೀರಿದ್ದರೆ, ಶೇ. 5ರ ಐ.ಜಿ.ಎಸ್.ಟಿ. ಹಾಕಿದ ಬಿಲ್ಲಿನ ಜೊತೆಗೆ ಆ ಚೀಟಿಯೂ ಲಾರಿಯಲ್ಲಿರಬೇಕು. ವ್ಯಾಟಿಗೇ ನಿಂತುಹೋದ ರೆಸ್ಯೂಮೆಯನ್ನು ನೋಡಿದ ಮಾಲೀಕನ ಶಂಕೆ ‘ಈಕೆ ಮನೆಯಲ್ಲಿ ಏಕಿದ್ದಳು’ ಎಂಬುದಕ್ಕಿಂತ ‘ಈಕೆಗೆ ಈಗಿನ ಕೆಲಸ ಬರುತ್ತದೆಯೆ’ ಎಂಬುದೇ ಆಗಿರುತ್ತದೆ. ಆದ್ದರಿಂದ ಹಿರಿಯರ ಸಲಹೆಯಂತೆ, ತೆರಿಗೆ ಸಲಹೆಗಾರರೊಬ್ಬರ ಕಚೇರಿಯಲ್ಲಿ ಕೆಲವು ತಿಂಗಳು ಕುಳಿತು, ತಿಂಗಳ 11ಕ್ಕೆ ಜಿ.ಎಸ್.ಟಿ.ಆರ್.-1, 20ಕ್ಕೆ 3ಬಿ ಸಲ್ಲಿಸುವ ಅಭ್ಯಾಸವನ್ನು ಮಾಡಿಕೊಂಡು, ಆಮೇಲೆ ಹೀಗೆ ಬರೆಯತಕ್ಕದ್ದು:

*ಜೂನ್ 2016 – ಮಾರ್ಚ್ 2022: ಕುಟುಂಬದ ಆರೈಕೆಗಾಗಿ ವೃತ್ತಿವಿರಾಮ. ಈಗ ಪೂರ್ಣಾವಧಿ ಕೆಲಸಕ್ಕೆ ಸಿದ್ಧ. ವಿರಾಮದ ಕೊನೆಯ ತಿಂಗಳುಗಳಲ್ಲಿ ಜಿ.ಎಸ್.ಟಿ. ರಿಟರ್ನ್ಸ್, ಇ-ವೇ ಬಿಲ್ಲು, ಟ್ಯಾಲಿಯಲ್ಲಿ ಅಭ್ಯಾಸ.*

‘ಅನಿವಾರ್ಯ ಕಾರಣಗಳಿಂದ’ ಎಂದು ಬರೆದರೆ ಓದುವವನಿಗೆ ಕೆಲಸದಿಂದ ತೆಗೆದುಹಾಕಿದರೋ ಏನೋ ಎಂದೆನಿಸೀತು. ‘ಗೃಹ ವ್ಯವಸ್ಥಾಪಕಿ’ ಎಂಬ ಬಿರುದಂತೂ ನಗೆಪಾಟಲಿಗೆ ಎಡೆಗೊಡುತ್ತದೆ.

ವಿರೋಧ

ಮೊಳಕಾಲ್ಮೂರಿನ ರೇಷ್ಮೆ ನೇಕಾರರ ಮನೆಯ ಸೊಸೆಯೊಬ್ಬಳು, ತಾನೂ ಪದವೀಧರೆಯೇ, ಈ ವಾದವನ್ನು ಪೂರ್ತಿ ಕೇಳಿ ಬೇರೆಯದೇ ಪ್ರಶ್ನೆಯನ್ನು ಎತ್ತಿದಳು: “ಒಂದು ಕೈಯಲ್ಲಿ ತೊಟ್ಟಿಲ ಹಗ್ಗ, ಇನ್ನೊಂದು ಕೈಯಲ್ಲಿ ಕಂಡಿಕೆ ಸುತ್ತುವ ರಾಟೆ, ನಾನು ವಿರಾಮದಲ್ಲಿದ್ದೆನೋ ಕೆಲಸದಲ್ಲಿದ್ದೆನೋ, ಹೇಳಿ ಯಜಮಾನರೇ?” ಹಿರಿಯರು ಇದಕ್ಕೆ ಉತ್ತರಿಸಲಿಲ್ಲ. ಆ ಕೆಲಸವನ್ನು ಕೆಲಸವೆಂದೇ ಬರೆಯಬಹುದೆಂದು ನನಗೆ ತೋರುತ್ತದೆ.

ಆಕೆಯ ಮುಂದಿನ ಮಾತು ಅರ್ಧ ಸರಿ. ಪಿ.ಎಫ್. ಎಲ್ಲೆಡೆಯೂ ಸಾಕ್ಷಿ ನುಡಿಯದು, ಇಪ್ಪತ್ತು ಮಂದಿಗಿಂತ ಕಡಮೆ ಕೆಲಸಗಾರರಿರುವ ಸಣ್ಣ ಗಿರಣಿಗೆ ಆ ಕಾನೂನು ಸಾಮಾನ್ಯವಾಗಿ ತಾಕುವುದೇ ಇಲ್ಲ, ಆದುದರಿಂದ ಇಸವಿಗಳನ್ನಷ್ಟೇ ಬರೆದು ತಿಂಗಳುಗಳನ್ನು ಬಿಟ್ಟರೆ ಸಾಕು ಎಂಬುದು ಆಕೆಯ ಮತ. ಕೆಲವೇ ತಿಂಗಳ ಅಂತರಕ್ಕೆ ಇದು ಒದಗೀತು. ಆರು ವರ್ಷಗಳನ್ನು ಇಸವಿಗಳು ಮುಚ್ಚಲಾರವು.

ಆದರೆ ಕೊನೆಯದಾಗಿ ಆ ಅರ್ಜಿದಾರಳ ಬಾಯಾಗಿ ಆಕೆ ಹೇಳಿದ್ದು ಮಾತ್ರ ನನ್ನನ್ನು ತಡೆದು ನಿಲ್ಲಿಸಿತು. “ಅತ್ತೆಯವರ ಲಕ್ವ ನನ್ನ ಅರ್ಹತೆಯೇ? ಈ ಊರಿನಲ್ಲಿ ಒಂದು ಹಾಳೆ ನಾಲ್ಕು ಕಚೇರಿಗಳ ಮೇಜನ್ನು ಸುತ್ತುತ್ತದೆ. ಅವರ ಕಾಯಿಲೆಯನ್ನು ಊರಿಗೆ ಹಂಚಲು ನನಗೆ ಯಾರು ಅಧಿಕಾರ ಕೊಟ್ಟರು?” ಅಲ್ಲದೆ, ಮೊದಲ ಜರಡಿ ಹಿಡಿಯುವ ಗುಮಾಸ್ತನು ಆ ಸಾಲಿನಲ್ಲಿಯೇ ಅರ್ಜಿಯನ್ನು ಬದಿಗೆ ಸರಿಸಿದರೆ ಸಂದರ್ಶನದ ಬಾಗಿಲೂ ತೆರೆಯದೆಂಬ ಆಕೆಯ ಭಯವನ್ನು ಸುಳ್ಳೆನ್ನಲಾಗದು.

ಪಕ್ಕದಲ್ಲಿದ್ದ ಸರ್ಕಾರಿ ಶಾಲೆಯ ಮೇಷ್ಟ್ರೊಬ್ಬರು, “ಮಕ್ಕಳ ಆರೈಕೆ ರಜೆ ಹಾಕಿದ್ದರೆ ಮುಗಿಯುತ್ತಿತ್ತಲ್ಲ!” ಎಂದರು. ಗಿರಣಿಯಲ್ಲಿ ಅಂತಹ ರಜೆ ಎಲ್ಲಿಯದೆಂದು ಅವರಿಗೆ ಯಾರೂ ಹೇಳಲಿಲ್ಲ.

ನನ್ನ ಮತ ಪರದ ಕಡೆಗೇ, ಒಂದು ತಿದ್ದುಪಡಿಯೊಡನೆ: ಹಿರಿಯರ ಆ ಸಾಲಿನಲ್ಲಿ ತಿಂಗಳು, ಇಸವಿ, ‘ಕುಟುಂಬದ ಆರೈಕೆ’ ಇಷ್ಟಿರಲಿ, ಯಾರ ರೋಗ, ಯಾವ ರೋಗ ಎಂಬುದನ್ನು ಕಾಗದದಲ್ಲಿ ಕಾಣಿಸುವುದು ಬೇಡ, ಸಂದರ್ಶನದಲ್ಲಿ ಹೇಳುವುದೂ ಬಿಡುವುದೂ ಅರ್ಜಿದಾರಳ ಇಚ್ಛೆ. ‘ಇನ್ನು ಮಗುವನ್ನು ಯಾರು ನೋಡಿಕೊಳ್ಳುತ್ತಾರೆ?’ ಎಂದು ಆಕೆಯನ್ನು ಮಾತ್ರ ಕೇಳುವ ಮಾಲೀಕನಿಗೆ ಏನೆನ್ನಬೇಕೆಂಬುದರಲ್ಲಿ ಇಬ್ಬರಿಗೂ ಒಮ್ಮತವಾಗಲಿಲ್ಲ; ಹಿರಿಯರು ‘ವ್ಯವಸ್ಥೆಯಾಗಿದೆ’ ಎಂದಷ್ಟೇ ಹೇಳು ಎಂದರು, ಸೊಸೆ ‘ಗಂಡಸರನ್ನೂ ಕೇಳುತ್ತೀರಾ’ ಎನ್ನಬೇಕೆಂದಳು.