ಬಡ್ಡಿ ಕೇಳುವುದು ಭಿಕ್ಷೆಯಲ್ಲ

ಅಡಿಕೆ ಹಾಳೆ ತಟ್ಟೆ ಮಾಡುವ ನಮ್ಮ ಪಕ್ಕದ ಊರಿನ ಅಕ್ಕನ ಘಟಕವೊಂದು ಮೇ 1ರಂದು ನಗರದ ಕಂಪನಿಗೆ ಒಂದು ಲಕ್ಷ ರೂಪಾಯಿಯ ಮಾಲು ಕೊಟ್ಟಿತು. ಆರ್ಡರ್ ಕಾಗದದಲ್ಲಿ ‘90 ದಿನದಲ್ಲಿ ಹಣ’ ಎಂದು ಅಚ್ಚಾಗಿತ್ತು. ದುಡ್ಡು ಬಂದದ್ದು ಮುಂದಿನ ವರ್ಷ ಜೂನ್ ಮಧ್ಯದಲ್ಲಿ. ಬಡ್ಡಿ ಕೇಳಿದರೆ, ‘ಸಹಿ ಹಾಕಿದ್ದೀರಲ್ಲ’ ಎಂದರಂತೆ.

ಆ ಸಹಿಗೆ ಬೆಲೆಯಿಲ್ಲ ಎನ್ನುತ್ತೇವೆ ನಾವು. 2006ರ ಎಂಎಸ್‌ಎಂಇ ಕಾಯ್ದೆಯ 15ನೇ ಕಲಂ ಪ್ರಕಾರ, ಅತಿಸಣ್ಣ ಮತ್ತು ಸಣ್ಣ ಘಟಕಗಳಿಗೆ ಹಣ ಕೊಡುವ ಗಡುವನ್ನು ಏನೇ ಒಪ್ಪಂದ ಮಾಡಿಕೊಂಡರೂ 45 ದಿನ ದಾಟಿಸುವಂತಿಲ್ಲ. ಬರಹದ ಒಪ್ಪಂದವೇ ಇಲ್ಲದಿದ್ದರೆ 15 ದಿನ ಮಾತ್ರ. ಅಕ್ಕನ ಹಣ ಜೂನ್ 15ಕ್ಕೆ ಬರಬೇಕಿತ್ತು.

ಗಡುವು ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳಿಗೆ ಚಕ್ರಬಡ್ಡಿ. ಬ್ಯಾಂಕ್ ದರ ಶೇ. 6 ಎಂದಿಟ್ಟುಕೊಳ್ಳಿ. ಮೂರು ಪಟ್ಟು ಎಂದರೆ ವರ್ಷಕ್ಕೆ ಶೇ. 18, ತಿಂಗಳಿಗೆ ನೂರಕ್ಕೆ ಒಂದೂವರೆ ರೂಪಾಯಿ. ಹನ್ನೆರಡು ತಿಂಗಳಿಗೆ ಒಂದು ಲಕ್ಷದ ಮೇಲೆ ಸುಮಾರು 19,560 ರೂಪಾಯಿ. ಅಷ್ಟು ಹಣವನ್ನು ಕಂಪನಿ ಅಕ್ಕನ ಜೇಬಿನಿಂದ ತೆಗೆದುಕೊಂಡ ಹಾಗಾಯಿತು.

ಇನ್ನೊಂದು ನೆಪ: ‘ಮಾಲು ಸರಿಯಿರಲಿಲ್ಲ.’ ಆರು ತಿಂಗಳ ಮೇಲೆ ಈ ಮಾತು ನಡೆಯದು. ತಕರಾರು ಇದ್ದರೆ ಮಾಲು ತಲುಪಿದ 15 ದಿನದೊಳಗೆ ಬರಹದಲ್ಲಿ ಹೇಳಬೇಕು. ಹೇಳದಿದ್ದರೆ ತಲುಪಿದ ದಿನವೇ ಒಪ್ಪಿಕೊಂಡಂತೆ. ಅದಕ್ಕೇ ಮಾಲು ಇಳಿಸಿದ ದಿನ ಚಲನ್ ಮೇಲೆ ತಾರೀಖು, ಸಹಿ, ಸೀಲು ಬಿಡದೆ ಹಾಕಿಸಿಕೊಳ್ಳಿ. ಮುಂದೆ ಅದೇ ಸಾಕ್ಷಿ.

ಬಾಕಿ ಬಾರದಿದ್ದರೆ ರಾಜ್ಯದ ಫೆಸಿಲಿಟೇಶನ್ ಕೌನ್ಸಿಲ್‌ಗೆ ದೂರು ಕೊಡಬಹುದು. ಮೊದಲು ರಾಜಿ ಮಾತುಕತೆ, ಆಗದಿದ್ದರೆ ಪಂಚಾಯ್ತಿಕೆ. ತೀರ್ಪಿನ ವಿರುದ್ಧ ಕಂಪನಿ ಕೋರ್ಟಿಗೆ ಹೋಗಬೇಕಾದರೆ ಮೊತ್ತದ ಶೇ. 75 ಮೊದಲು ಠೇವಣಿ ಇಡಬೇಕು. ಒಂದು ಎಚ್ಚರ: ಮಾಲು ಕೊಡುವ ಮೊದಲೇ ಉದ್ಯಮ್ ನೋಂದಣಿ ಆಗಿರಲಿ, ಆ ನಂಬರು ಬಿಲ್ಲಿನ ಮೇಲಿರಲಿ. ಬರೀ ಕೊಂಡು ಮಾರುವ ವ್ಯಾಪಾರಿಗಳಿಗೆ ಈ ರಕ್ಷಣೆ ಇಲ್ಲ.

ಇಷ್ಟಿದ್ದೂ ಅಕ್ಕ ದೂರು ಕೊಡಲಿಲ್ಲ. ‘ಮುಂದಿನ ಆರ್ಡರ್ ಹೋಗುತ್ತದಲ್ಲ’ ಎಂದರು. ಕಾಯ್ದೆಯ ದೊಡ್ಡ ತೂತು ಇದೇ. ಹೆದರುವವರೇ ಮೊದಲು ಬಾಯಿ ಬಿಡಬೇಕು ಎನ್ನುತ್ತದೆ ಅದು. ಆದರೆ ಅದೇ ಕಾಯ್ದೆಯ 22ನೇ ಕಲಂ, ಆಡಿಟ್ ಆಗುವ ಕಂಪನಿಗಳು ಇಂಥ ಬಾಕಿಯನ್ನೂ ಬಡ್ಡಿಯನ್ನೂ ವರ್ಷದ ಲೆಕ್ಕದಲ್ಲಿ ತಾವೇ ತೋರಿಸಬೇಕು ಎಂದೂ ಹೇಳುತ್ತದೆ. ಲೆಕ್ಕದಲ್ಲಿ ಬರೆಯಬೇಕಾದ ಬಡ್ಡಿಯನ್ನು, ಕೇಳುವ ಮೊದಲೇ ಖಾತೆಗೆ ಹಾಕಲು ಏನು ಕಷ್ಟ? ಹಾಗೆ ಹಾಕುವುದನ್ನು ಕಡ್ಡಾಯ ಮಾಡಿ ಎಂಬುದೇ ನಮ್ಮ ಒತ್ತಾಯ. ಅಲ್ಲಿಯವರೆಗೆ ಸಾಲ ಕೊಟ್ಟವರು ನಾವು, ಕೈಕಟ್ಟಿ ನಿಲ್ಲುವವರೂ ನಾವೇ.