ಹಳೆಯ ನಂಬರಿಗೆ ಹೋದ ಬಾಡಿಗೆ

ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನಾನು ಕಳೆದ ತಿಂಗಳು ರೂಮಿನ ಬಾಡಿಗೆಯ ನನ್ನ ಪಾಲು 3,500 ರೂಪಾಯಿಯನ್ನು ಗೆಳೆಯನಿಗೆ ಕಳಿಸಿದೆ. ಹಣ ಬಂದಿಲ್ಲ ಎಂದ. ನೋಡಿದರೆ, ಅವನು ಕೈಬಿಟ್ಟು ವರ್ಷವಾಗಿದ್ದ ನಂಬರು ನನ್ನ ಫೋನಿನಲ್ಲಿ ಹಾಗೇ ಉಳಿದಿತ್ತು. ಬಂದ್ ಆದ ನಂಬರನ್ನು ಕಂಪನಿಗಳು 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು. ಹಣ ಹೋಗಿದ್ದು ಆ ಹೊಸ ಮಾಲೀಕರಿಗೆ. ಪರದೆಯ ಮೇಲೆ ನಾನು ಸೇವ್ ಮಾಡಿದ ಹೆಸರು ದೊಡ್ಡದಾಗಿತ್ತು, ಖಾತೆದಾರರ ನಿಜ ಹೆಸರು ಕೆಳಗೆ ಸಣ್ಣದಾಗಿತ್ತು. ನಾನು ಓದಿದ್ದು ದೊಡ್ಡದನ್ನು ಮಾತ್ರ.

ಆ ನಂಬರಿಗೇ ಫೋನ್ ಮಾಡಿದೆ. "ಏ ತಮ್ಮಾ, ಇಂಥಾ ಫೋನ್ ದಿನಾ ಬರ್ತಾವು, ಮೋಸ ಮಾಡಾಕ ನಾನ ಸಿಕ್ಕೆನೇನು?" ಎಂದು ಕಟ್ ಮಾಡಿದರು. ಅವರದೂ ತಪ್ಪಲ್ಲ. ತಪ್ಪಾಗಿ ಹಣ ಬಂದಿದೆ, ವಾಪಸ್ ಹಾಕಿ ಎಂದು ಸುಳ್ಳು ಹೇಳಿ ದೋಚುವವರು ಬಹಳ ಇದ್ದಾರೆ.

ಯುಪಿಐನಲ್ಲಿ ಪಿನ್ ಒತ್ತಿ ಪಾವತಿ ಯಶಸ್ವಿಯಾದರೆ ನಾವಾಗಿ ಅದನ್ನು ರದ್ದು ಮಾಡಲಾಗದು. ಪಡೆದವರು ಒಪ್ಪದೆ ಬ್ಯಾಂಕು ಅವರ ಖಾತೆಯಿಂದ ಹಣ ತೆಗೆಯುವುದೂ ಇಲ್ಲ, ಅವರ ವಿವರ ನಮಗೆ ಕೊಡುವುದೂ ಇಲ್ಲ. ಇದು ಗೊತ್ತಿಲ್ಲದೆ ಎರಡು ದಿನ ಆ್ಯಪ್‌ನ ಸಹಾಯವಾಣಿಯ ಹಿಂದೆ ಬಿದ್ದಿದ್ದೆ. ಮೂರನೇ ದಿನ ನನ್ನ ಬ್ಯಾಂಕ್ ಶಾಖೆಗೆ ಹೋಗಿ, ವ್ಯವಹಾರದ ವಿವರದಲ್ಲಿರುವ 12 ಅಂಕಿಯ ಯುಟಿಆರ್ ಸಂಖ್ಯೆ, ದಿನಾಂಕ, ಮೊತ್ತ ಬರೆದು ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆದೆ. ನನ್ನ ಬ್ಯಾಂಕು ಅವರ ಬ್ಯಾಂಕಿಗೆ ತಿಳಿಸಿತು, ಆ ಬ್ಯಾಂಕು ಅವರನ್ನು ಕೇಳಿತು. ನನ್ನ ಮಾತು ನಂಬದವರು ತಮ್ಮ ಶಾಖೆಯ ಮಾತು ನಂಬಿದರು. ಹದಿನಾಲ್ಕನೇ ದಿನ ಹಣ ಬಂತು.

ಒಪ್ಪದಿದ್ದರೆ? ಬ್ಯಾಂಕು 30 ದಿನವಾದರೂ ಉತ್ತರಿಸದಿದ್ದರೆ, ಇಲ್ಲವೇ ಉತ್ತರ ಸಮಾಧಾನ ತರದಿದ್ದರೆ cms.rbi.org.in ನಲ್ಲಿ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಆದರೆ ಅಲ್ಲಿ ವಿಚಾರಣೆ ಆಗುವುದು ಬ್ಯಾಂಕಿನ ಸೇವಾಲೋಪದ್ದು, ಹಣ ಇಟ್ಟುಕೊಂಡವರದ್ದಲ್ಲ. ಅವರ ವಿರುದ್ಧ ಕಾನೂನು ನಮ್ಮ ಕಡೆಗೇ ಇದೆ: ತಪ್ಪಾಗಿ ಬಂದ ಹಣವನ್ನು ಹಿಂತಿರುಗಿಸಲೇಬೇಕು ಎನ್ನುತ್ತದೆ ಭಾರತೀಯ ಕರಾರು ಕಾಯ್ದೆಯ 72ನೇ ಕಲಂ. ಆದರೆ 3,500 ರೂಪಾಯಿಗೆ ಕೋರ್ಟಿಗೆ ಅಲೆಯುವವರು ಯಾರು?

ಕೆಲವರು 1930ಕ್ಕೆ ಫೋನ್ ಮಾಡಿ 'ಮೋಸವಾಯಿತು' ಎನ್ನು ಎಂದರು. ಅದು ಸೈಬರ್ ವಂಚನೆಯ ಸಹಾಯವಾಣಿ. ನಾನೇ ಕಳಿಸಿದ ಹಣಕ್ಕೆ ಅಲ್ಲಿ ಸುಳ್ಳು ಹೇಳಿದರೆ, ಏನೂ ಮಾಡದ ಒಬ್ಬರ ಖಾತೆಗೆ ತಡೆ ಬೀಳಬಹುದು.

ನನ್ನ ತಕರಾರು ಆ್ಯಪ್‌ಗಳ ಮೇಲೆ. ಬ್ಯಾಂಕಿನಲ್ಲಿರುವ ಹೆಸರು ಅವರಿಗೆ ಗೊತ್ತೇ ಇದೆ. ಅದು ನಾವು ಸೇವ್ ಮಾಡಿದ ಹೆಸರಿಗೆ ಹೊಂದದಿದ್ದಾಗ, ಪಿನ್ ಕೇಳುವ ಮೊದಲು ಒಮ್ಮೆ ತಡೆದು 'ಇವರಿಗೇನಾ?' ಎಂದು ದೊಡ್ಡಕ್ಷರದಲ್ಲಿ ಕೇಳಲಿ. ಗೆಳೆಯನ ಹಳೆಯ ನಂಬರನ್ನಂತೂ ನಾನು ಅಳಿಸಿದ್ದೇನೆ. ಅಪ್ಪನ ಫೋನಿನಲ್ಲಿ ಅಂಥವು ಇನ್ನೂ ಆರು ಸಿಕ್ಕವು.