ಮುಹೂರ್ತವಿಲ್ಲದ ತಿಂಗಳಿನ ಕೆಲಸ



ನಮ್ಮ ಸಂಘದ ಹುಡುಗಿಯೊಬ್ಬಳು ತ್ರಿಪ್ಪುಣಿತ್ತುರದಲ್ಲಿ ಸ್ವಂತವಾಗಿ ಮದುಮಗಳ ಮೇಕಪ್ ಮಾಡುತ್ತಾಳೆ. ಕೈ ಚೆನ್ನಾಗಿದೆ. ಆದರೂ ಕಳೆದ ವರ್ಷ ವೃಶ್ಚಿಕ ಮಾಸದಲ್ಲಿ ಅವಳಿಗೆ ಸಿಕ್ಕಿದ್ದು ಎರಡೇ ಮದುವೆ. "ಇನ್‌ಸ್ಟಾಗ್ರಾಂನಲ್ಲಿ ಇಷ್ಟೆಲ್ಲ ಹಾಕ್ತೀನಲ್ಲ ಅಕ್ಕ, ಯಾರೂ ಯಾಕೆ ಕೇಳೋದಿಲ್ಲ?" ಎಂದಳು. ಇಬ್ಬರೂ ಕುಳಿತು ಅವಳ ಪುಟ ನೋಡಿದೆವು. ಚಿಂಗದಲ್ಲಿ ಒಂದೇ ವಾರಕ್ಕೆ ಹನ್ನೊಂದು ರೀಲು. ಅದಕ್ಕೆ ಮೊದಲಿನ ಕರ್ಕಾಟಕದಲ್ಲಿ ಒಂದೂ ಇಲ್ಲ. "ಆ ತಿಂಗಳು ಮದುವೆಯೇ ಇರಲಿಲ್ಲವಲ್ಲ!" ಎಂದಳು. ತಪ್ಪಿದ್ದು ಅಲ್ಲೇ.

ಕೇರಳದಲ್ಲಿ ಹಿಂದೂ ಮದುವೆಗಳು ಕರ್ಕಾಟಕದಲ್ಲಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ನಡೆಯುವುದಿಲ್ಲವೆಂದೇ ಹೇಳಬೇಕು. ನಮ್ಮ ಕಡೆಯ ಆಷಾಢದಂತೆಯೇ ಇದು. ಚಿಂಗ ಬಂದೊಡನೆ ಒಮ್ಮೆಲೇ ತುಂಬುತ್ತದೆ. 2024ರ ಸೆಪ್ಟೆಂಬರ್ 8ರಂದು ಗುರುವಾಯೂರಿನಲ್ಲಿ ಒಂದೇ ದಿನ 300ಕ್ಕೂ ಹೆಚ್ಚು ಮದುವೆ ನಡೆದವು. ಆದರೆ ಮದುಮಗಳು ಮೇಕಪ್‌ನವರನ್ನು ಹುಡುಕುವುದು ಮದುವೆಯ ತಿಂಗಳಲ್ಲಲ್ಲ. ನಿಶ್ಚಯವಾಗಿ, ಮಂಟಪ ಗೊತ್ತಾದ ಮೇಲೆ, ಬಿಡುವಾಗಿ ಕುಳಿತು ಹುಡುಕುತ್ತಾಳೆ. ಆದ್ದರಿಂದ ನಿಮ್ಮ ಕ್ಯಾಲೆಂಡರನ್ನು ಮುಹೂರ್ತದಿಂದ ಮೂರು ತಿಂಗಳು ಹಿಂದಕ್ಕೆ ಎಣಿಸಿ ಬರೆಯಬೇಕು. ವೃಶ್ಚಿಕದ ಮದುಮಗಳು ಕರ್ಕಾಟಕ–ಚಿಂಗದಲ್ಲಿ ನೋಡುತ್ತಿರುತ್ತಾಳೆ. ಕ್ರೈಸ್ತರ ಮದುವೆ ಬೇಕಿದ್ದರೆ ಲೆಕ್ಕ ಬೇರೆ: ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ ಮದುವೆ ಇಲ್ಲ, ಅವರು ಹುಡುಕುವುದು ಆಗಲೇ.

ಈ ಸಲ ಅವಳೊಂದಿಗೆ ಕರ್ಕಾಟಕದ ನಾಲ್ಕು ವಾರಗಳನ್ನು ಹೀಗೆ ಬರೆದೆವು. ವಾರಕ್ಕೆ ಎರಡು ರೀಲು, ಒಂದು ಫೋಟೋ ಸಾಲು. ಅದಕ್ಕಿಂತ ಹೆಚ್ಚು ಬೇಡ. ಪ್ರತಿ ವಾರಕ್ಕೂ ಮದುಮಗಳ ಮನಸ್ಸಿನಲ್ಲಿರುವ ಒಂದು ಪ್ರಶ್ನೆ.

ಮೊದಲನೆಯ ವಾರ: "ನನ್ನ ಬಣ್ಣಕ್ಕೆ ಒಪ್ಪುತ್ತದೆಯೇ?" ಬೇರೆ ಬೇರೆ ಮೈಬಣ್ಣದ ಮೂವರ ಮುಖ, ಕಿಟಕಿಯ ಬೆಳಕಿನಲ್ಲಿ, ಫಿಲ್ಟರ್ ಇಲ್ಲದೆ. ಕುತ್ತಿಗೆಯೂ ಚಿತ್ರದಲ್ಲಿರಲಿ, ಮುಖ ಮಾತ್ರ ಬಿಳಿಯಾಗಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಎರಡನೆಯ ವಾರ: "ಬೆವರಿಗೆ ನಿಲ್ಲುತ್ತದೆಯೇ?" ಬೆಳಗ್ಗೆ ಏಳಕ್ಕೆ ಒಂದು ಚಿತ್ರ, ಮಧ್ಯಾಹ್ನ ಒಂದಕ್ಕೆ ಅದೇ ಕಿಟಕಿಯಲ್ಲಿ ಇನ್ನೊಂದು. ಕೊಚ್ಚಿಯ ಸೆಖೆಯನ್ನು ಬಲ್ಲವರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಫ್ಲಾಶ್ ಹಾಕಿಯೂ ಒಂದು ತೆಗೆಯಿರಿ. ಕೆಲವು ಪೌಡರ್‌ಗಳು ಕಣ್ಣಿಗೆ ಕಾಣದಿದ್ದರೂ ಫ್ಲಾಶ್‌ಗೆ ಬಿಳಿಯಾಗಿ ಹೊಳೆಯುತ್ತವೆ.

ಮೂರನೆಯ ವಾರ: "ಎಷ್ಟು ಹೊತ್ತಿಗೆ ಬರುತ್ತೀರಿ, ಹಣದಲ್ಲಿ ಏನೇನು ಸೇರಿದೆ?" ಮುಹೂರ್ತ ಏಳಕ್ಕಿದ್ದರೆ ಮೂರೂವರೆಗೆ ಪೆಟ್ಟಿಗೆ ತೆರೆಯುವ ದೃಶ್ಯ ತೋರಿಸಿ. ಸೀರೆ ಉಡಿಸುವುದು, ಮಲ್ಲಿಗೆ ಮುಡಿಸುವುದು ಸೇರಿದೆಯೋ ಇಲ್ಲವೋ ಹೇಳಿ. ತಿರುವನಂತಪುರದ ಮದುವೆಯಾದರೆ ಹಿಂದಿನ ರಾತ್ರಿಯೇ ಅಲ್ಲಿರಬೇಕು. ಆ ಖರ್ಚನ್ನೂ ಮೊದಲೇ ತಿಳಿಸಿ.

ನಾಲ್ಕನೆಯ ವಾರ: "ನಮ್ಮ ಪದ್ಧತಿ ಗೊತ್ತೇ?" ಕಸವು ಸೀರೆಯ ಅಲಂಕಾರ ಒಂದು, ನಮ್ಮ ಧಾರೆ ಸೀರೆ–ಬಾಸಿಂಗದ ಅಲಂಕಾರ ಇನ್ನೊಂದು. ಎರಡನ್ನೂ ಬಲ್ಲವರು ಇಲ್ಲಿ ಹೆಚ್ಚಿಲ್ಲ. ನಿಮ್ಮ ಎರಡು ಭಾಷೆಗಳು ಸಂಪಾದನೆಗೆ ಬರುವುದು ಇಲ್ಲಿಯೇ.

ಮದುವೆಯಿಲ್ಲದ ತಿಂಗಳಿಗೆ ಚಿತ್ರ ಎಲ್ಲಿಂದ? ಒಂದು ಭಾನುವಾರ ಮೂವರು ಗೆಳತಿಯರನ್ನು ಕೂರಿಸಿ ಎಲ್ಲವನ್ನೂ ತೆಗೆದಿಟ್ಟುಕೊಂಡಳು. ಅದರ ಕೆಳಗೆ "ಇದು ಮಾದರಿ ಅಲಂಕಾರ" ಎಂದು ಬರೆಯಲೇಬೇಕು, ಮದುಮಗಳೆಂದು ನಂಬಿಸಬಾರದು. ನಿಜವಾದ ಮದುಮಗಳ ಚಿತ್ರ ಹಾಕುವುದಾದರೆ ಮುಂಗಡ ಪಡೆಯುವಾಗಲೇ ಅವಳ ಒಪ್ಪಿಗೆ ಬರೆಸಿಕೊಳ್ಳಿ. ಮೇಕಪ್‌ಗೆ ಮುಂಚಿನ ಮುಖಕ್ಕೆ ಬೇರೆಯೇ ಒಪ್ಪಿಗೆ ಬೇಕು. ಮೊಡವೆಯ ಮುಖ ಊರೆಲ್ಲ ನೋಡಲೆಂದು ಯಾವ ಹುಡುಗಿಯೂ ಬಯಸುವುದಿಲ್ಲ.

ಇನ್ನೊಂದು ಸಣ್ಣ ಮಾತು. ಅವಳ ಪುಟದಲ್ಲಿ ಊರಿನ ಹೆಸರೇ ಇರಲಿಲ್ಲ. ಹೆಸರಿನ ಜಾಗದಲ್ಲಿ Bridal Makeup Tripunithura ಎಂದು ಸೇರಿಸಿದೆವು. ಹುಡುಕುವವರಿಗೆ ಸಿಗುವುದು ಅದರಿಂದ.

ತಿಂಗಳ ಕೊನೆಗೆ ಲೈಕ್ ಎಣಿಸಬೇಡಿ. ಒಂದು ನೋಟುಪುಸ್ತಕದಲ್ಲಿ ಮೂರು ಕಲಮು ಮಾಡಿ: ಕೇಳಿದ ದಿನ, ಮದುವೆಯ ದಿನ, ಯಾವುದನ್ನು ನೋಡಿ ಕೇಳಿದರು. ಸಾವಿರ ಜನ ನೋಡಿಯೂ ಒಬ್ಬರೂ ತಾರೀಖು ಕೇಳದಿದ್ದರೆ ಆ ರೀಲು ಇತರ ಮೇಕಪ್‌ನವರನ್ನು ಮೆಚ್ಚಿಸಿದೆ, ಮದುಮಗಳನ್ನಲ್ಲ. ಅವಳ ಪುಸ್ತಕದಲ್ಲಿ ಈ ಕರ್ಕಾಟಕದ ಐದು ಸಾಲುಗಳಿವೆ. ಮೂರು ಬಂದದ್ದು ಬೆವರಿನ ರೀಲಿನಿಂದ. ಎಷ್ಟು ಮದುವೆಯಾಗಿ ಕೂಡಿಬರುತ್ತವೆಯೋ ವೃಶ್ಚಿಕ ಹೇಳಬೇಕು. ಧನುರ್ಮಾಸದಲ್ಲಿ ಮತ್ತೆ ಮಂಟಪಗಳು ಖಾಲಿ. ಅವಳ ಮುಂದಿನ ನಾಲ್ಕು ವಾರಗಳ ಹಾಳೆ ಈಗಲೇ ಗೋಡೆಯ ಮೇಲಿದೆ.